ಏಳನೆಯ ಮಾತ್ರೆಯ ಮೇಲೆ ನಿಂತ ಸಾಲು

ಹರಪನಹಳ್ಳಿಯ ಪಾಲಾಕ್ಷಪ್ಪ ಮಾಸ್ತರಿಗೆ ಮಾತಿನ ನಡುವೆ ನಿಲ್ಲುವ ಚಟ. ಎಲೆ ಅಡಿಕೆಯ ಚಟವಾಗಿದ್ದರೆ ಬಾಯಿ ಕೆಂಪಾಗಿ ಸುಮ್ಮನಾಗುತ್ತಿತ್ತು; ಇದು ಮಂದಿಯ ಎದೆ ಒಡೆಯುವ ಚಟ. ಒಂದು ಸಲ ಕೊಟ್ಟೂರಿನ ಸೊಸೆಯೊಬ್ಬಳಿಗೆ ಫೋನು ಮಾಡಿ, “ನಿಮ್ಮ ಮಾವ ಹೋದ…” ಎಂದು ನಿಂತರು. ಆ ಕಡೆ ಪಾತ್ರೆ ಬಿದ್ದ ಸದ್ದು, ಚೀರಿದ ಸದ್ದು ಎಲ್ಲ ಆದ ಮೇಲೆ, “…ವಾರ ಬಸ್‌ಸ್ಟ್ಯಾಂಡಿನಾಗ ಸಿಕ್ಕಿದ್ನವ್ವ, ಆರಾಮ ಅದಾನ” ಎಂದು ಮುಗಿಸಿದರು. ಆ ಹೆಣ್ಣುಮಗಳು ಅವತ್ತಿನಿಂದ ಇವರ ಫೋನು ಎತ್ತುವುದಿಲ್ಲ.

ಬೇಕೆಂದೇ ಮಾಡಿದ್ದೇನಲ್ಲ. ನಲವತ್ತು ವರ್ಷ ಅದೇ ಕಸುಬು ಮಾಡಿದವರ ನಾಲಿಗೆ ಬೇರೆ ಹೇಗೆ ತಿರುಗೀತು? ಪಾಲಾಕ್ಷಪ್ಪನವರು ಶಾಲೆಯ ಮಾಸ್ತರಲ್ಲ, ಬಯಲಾಟದ ಮಾಸ್ತರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ತಾಲೂಕಿನಲ್ಲಿ ಯಾವ ಊರಿನವರು ಆಟ ಕಟ್ಟಬೇಕೆಂದರೂ ಅವರನ್ನು ಕರೆಸುತ್ತಿದ್ದರು. ಕೈಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಜೊತೆ ಹಿತ್ತಾಳೆ ತಾಳ, ಪದಗಳ ನೋಟುಬುಕ್ಕು ಹಾಕಿಕೊಂಡು ಬಸ್ಸು ಹತ್ತುತ್ತಿದ್ದರು. ಎರಡು ತಿಂಗಳು ಆ ಊರಿನ ಗುಡಿಯಲ್ಲೇ ಇದ್ದು, ಕುರಿ ಕಾಯುವವನನ್ನು ಮಂತ್ರಿ ಮಾಡಿ, ಹಮಾಲಿ ಮಾಡುವವನನ್ನು ರಾಕ್ಷಸನನ್ನಾಗಿ ಮಾಡಿ ಬರುತ್ತಿದ್ದರು. ಅಷ್ಟು ದಿನ ಮನೆ ನಡೆಸಿದ್ದು ಹೆಂಡತಿ ಕಲ್ಯಾಣಮ್ಮ, ರೊಟ್ಟಿ ತಟ್ಟಿ ಖಾನಾವಳಿಗೆ ಕೊಟ್ಟು. ಈ ಮಾತನ್ನು ಸನ್ಮಾನದ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಹೋದ ಫಾಲ್ಗುಣದಲ್ಲಿ ಒಂದು ಮಧ್ಯಾಹ್ನ ಓಬಳೇಶ್ ಎಂಬ ಇಪ್ಪತ್ತೆಂಟರ ಹುಡುಗ ಅವರ ಮನೆಗೆ ಬಂದ. ಅವನ ಊರು ಮಾಗಳದಿಂದ ಮುಂದೆ ತುಂಗಭದ್ರೆಯ ದಂಡೆಯಲ್ಲಿದೆ. ಹೆಸರು ಬೇಡ; ಆ ಊರಿನವರು ಇನ್ನೂ ಅಲ್ಲೇ ಬದುಕಬೇಕು. ಓಬಳೇಶನ ಕಂಠ ಮಾಸ್ತರಿಗೆ ಗೊತ್ತು, ಮೂರು ಆಟಕ್ಕೆ ಅವರೇ ತಿದ್ದಿದ ಕಂಠ. ಅವನು ಕಟ್ಟೆಯ ಮೇಲೆ ಕೂಡದೆ ನಿಂತೇ ಇದ್ದ.

“ಮಾಸ್ತರ, ನನಗೊಂದು ಪದ ಬರದು ಕೊಡ್ರಿ” ಅಂದ. “ನಮ್ಮೂರಾಗ ನನ್ನ ಕೂಡ ಯಾರೂ ಮಾತಾಡವಲ್ರು. ಹೋಟ್ಲಾಗ ನಾ ಕುಂತ್ರ ಬಾಜೂಕಿನವ್ರು ಎದ್ದು ಹೋಕ್ಕಾರ.”

ಸಂಗತಿ ಮಾಸ್ತರಿಗೂ ಅರ್ಧ ಗೊತ್ತಿತ್ತು. ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುವಾಗ ಓಬಳೇಶ್ ಮತ್ತು ಅವನ ಗೆಳೆಯ ಹುಲುಗೇಶ ಒಂದೇ ಹರಗೋಲಿನಲ್ಲಿ ಆಚೆ ದಂಡೆಗೆ ಹೊರಟಿದ್ದರು. ನಡುಹೊಳೆಯಲ್ಲಿ ಹರಗೋಲು ಮಗುಚಿತು. ಓಬಳೇಶ್ ಈಜಿ ದಂಡೆಗೆ ಬಂದ, ಹುಲುಗೇಶ ಬರಲಿಲ್ಲ. ಪೊಲೀಸರು ಆಕಸ್ಮಿಕ ಸಾವು ಎಂದು ಬರೆದುಕೊಂಡು ಹೋದರು. ಆದರೆ ಅದರ ಹಿಂದಿನ ದಿನ ಇಬ್ಬರೂ ಹೊಲದ ಮೋಟರಿನ ಸಲುವಾಗಿ ಊರ ಮುಂದೆ ಕೊರಳಪಟ್ಟಿ ಹಿಡಿದು ಜಗಳಾಡಿದ್ದನ್ನು ಊರೆಲ್ಲ ನೋಡಿತ್ತು. ಊರು ತನ್ನದೇ ತೀರ್ಪು ಬರೆದುಕೊಂಡಿತು.

“ಅವನ ಅವ್ವ ಎರ್ರೆಮ್ಮ ಒಂದು ಮಾತು ಹೇಳ್ಯಾಳ” ಎಂದ ಓಬಳೇಶ್. “ಗೆಜ್ಜಿ ಪೂಜಿ ದಿನ ಗೆಜ್ಜಿ ಕಟ್ಟಿ, ನಾ ಕೊಂದಿಲ್ಲ ಅಂತ ಹಾಡಿ ಹೇಳಲಿ, ನಂಬ್ತೀನಿ ಅಂದಾಳ. ಆಕಿ ನಂಬಿದ್ರ ಅವನ ಅಣ್ಣ ಬೊಮ್ಮಪ್ಪನೂ ಬಿಡ್ತಾನ. ಇಲ್ಲಾಂದ್ರ ಆತ ನನ್ನ ಬಿಡಂಗಿಲ್ಲ, ಮಾಸ್ತರ. ದಿನಾ ಹೊಲದ ದಾರ್ಯಾಗ ಬಂದು ನಿಂದರ್ತಾನ. ಏನೂ ಅನ್ನಂಗಿಲ್ಲ, ಬರೇ ನಿಂದರ್ತಾನ.”

ಆ ಊರಿನಲ್ಲಿ ಒಂದು ಪದ್ಧತಿ. ಆಟಕ್ಕೆ ಎಂಟು ದಿನ ಮುಂಚೆ ಗುಡಿಯ ಬಯಲಿನಲ್ಲಿ ಹಗಲಿನಲ್ಲೇ ಗೆಜ್ಜೆ ಪೂಜೆ. ಅವತ್ತು ಪಾತ್ರಧಾರಿಗಳು ಬಣ್ಣ ಹಚ್ಚುವುದಿಲ್ಲ, ಕಿರೀಟ ಇಡುವುದಿಲ್ಲ. ಕಾಲಿಗೆ ಗೆಜ್ಜೆ ಕಟ್ಟಿ, ತಮ್ಮ ಪಾತ್ರದ ಒಂದು ಪದ ಹಾಡಿ ಕುಣಿಯಬೇಕು. ಆಟದ ದಿನ ಬಾಯಿಂದ ಬಂದದ್ದು ಪಾತ್ರದ್ದು. ಗೆಜ್ಜೆ ಪೂಜೆಯ ದಿನ ಬಂದದ್ದು ಮಾತ್ರ ಮನುಷ್ಯನದೇ, ಬರಿಯ ಮುಖದ ಮೇಲೆ ಸುಳ್ಳು ಹೇಳಿದರೆ ಗೆಜ್ಜೆ ಸುಮ್ಮನಿರುವುದಿಲ್ಲ ಎಂದು ಅವರ ನಂಬಿಕೆ. ನಗಬೇಡಿ. ಎಲ್ಲಿಯೋ ಕೂತು ಸಹಿ ಹಾಕಿ ಪ್ರಮಾಣ ಮಾಡುವುದಕ್ಕಿಂತ ಇದು ದೊಡ್ಡದೇ.

ಮಾಸ್ತರು ಒಪ್ಪಿದರು. ಆ ವರ್ಷದ ಆಟದ ಕಥೆಯೂ ಅನುಕೂಲವಾಗಿತ್ತು. ಇಬ್ಬರು ರಾಜಕುಮಾರರು ಬೇಟೆಗೆ ಹೋಗಿ, ಹೊಳೆ ದಾಟುವಾಗ ಒಬ್ಬ ಮುಳುಗಿ, ಉಳಿದವನು ರಾಜನ ಮುಂದೆ ನಿಲ್ಲುವ ಪ್ರಸಂಗ ಅದರಲ್ಲಿತ್ತು. ಉಳಿದ ರಾಜಕುಮಾರನ ಪಾತ್ರ ಓಬಳೇಶನದು. ರಾಜನ ಪಾತ್ರ ಆ ಊರಲ್ಲಿ ತಲೆತಲಾಂತರದಿಂದ ಬೊಮ್ಮಪ್ಪನ ಮನೆಯದು. ಇದನ್ನು ಕೇಳಿ ಕಲ್ಯಾಣಮ್ಮ, “ನಿಮಗ ಬುದ್ಧಿ ಐತೇನ್ರಿ?” ಎಂದಳು. ಊರ ಹಿರಿಯರು ಮಾತ್ರ ಇದರಿಂದ ಊರು ಒಂದಾಗುತ್ತದೆ ಎಂದು ಒಪ್ಪಿಗೆ ಕೊಟ್ಟಿದ್ದರು.

ಮೂರು ದಿನ ಕೂತು ಮಾಸ್ತರು ಪದ ಬರೆದರು. ಅದರ ಮೊದಲ ಮೂರು ಸಾಲು ಹೀಗಿತ್ತು:

ಕೊಂದವನು ನಾನಲ್ಲ ಕೇಳಿರಿ
ಬಂದ ನೀರಿನ ಸೆಳವು ಕೊಂದುದು
ತಂದೆಯಾಣೆಗು ಹಿಡಿದೆ ಕೈಯನು ಜಾರಿ ಹೋಯಿತು ಕೈ

ಇದು ಭಾಮಿನಿ ಷಟ್ಪದಿಯ ನಡೆ. ಗಿಡ್ಡ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇದ್ದದ್ದಕ್ಕೆ, ಒತ್ತಕ್ಷರದ ಹಿಂದಿನದಕ್ಕೆ ಎರಡು. ಚಿಕ್ಕ ಸಾಲಿನಲ್ಲಿ ಮೂರು ನಾಲ್ಕು, ಮೂರು ನಾಲ್ಕು, ಒಟ್ಟು ಹದಿನಾಲ್ಕು. ತಕಿಟ ತಕದಿಮಿ, ತಕಿಟ ತಕದಿಮಿ. ಏಳಕ್ಕೆ ಸಾಲು ಅರ್ಧವಾಗುತ್ತದೆ, ತಾಳದ ಒಂದು ಸುತ್ತು ಮುಗಿಯುತ್ತದೆ, ಹಾಡುವವನು ಉಸಿರು ತೆಗೆದುಕೊಳ್ಳುತ್ತಾನೆ. ಆ ನಿಲುಗಡೆಯೇ ಯತಿ. ಪುಸ್ತಕದವರು ಭಾಮಿನಿಗೆ ಇಂಥಲ್ಲೇ ನಿಲ್ಲಬೇಕು ಎಂದು ಕಟ್ಟು ಹಾಕಿಲ್ಲ, ಹಾಡುವವರು ಹಾಕಿಕೊಂಡಿದ್ದಾರೆ.

ಯತಿ ಎಂದರೆ ಬರಿಯ ಉಸಿರಾದರೆ ಅದಕ್ಕೆ ಮಾಸ್ತರೇಕೆ ಬೇಕು? ಪಾಲಾಕ್ಷಪ್ಪನವರು ತಾಲೀಮಿನಲ್ಲಿ ಹೇಳಿಕೊಡುತ್ತಿದ್ದುದು ಬೇರೆ. ಮೂರನೆಯ ಸಾಲು ನೋಡಿ: ‘ತಂದೆಯಾಣೆಗು’ ಎಂದು ನಿಂತರೆ ಆಣೆ ಇಟ್ಟಾಯಿತು, ಮಾತು ಅಲ್ಲಿ ಕೂತು ದಣಿವಾರಿಸಿಕೊಳ್ಳಬಹುದು. ಎರಡನೆಯದರಲ್ಲಿ ‘ಬಂದ ನೀರಿನ’ ಎಂದು ನಿಂತರೆ ಪದ ಮುಗಿದಿದೆ, ಅರ್ಥ ಮುಗಿದಿಲ್ಲ. ನೀರಿನ ಏನು? ಕೇಳುವವನ ಕಿವಿ ಮುಂದಕ್ಕೆ ಬಾಗುತ್ತದೆ. ಮೊದಲನೆಯ ಸಾಲಿನಲ್ಲಿ ಪದವೇ ಮುಗಿದಿಲ್ಲ. ಕೊಂದ, ಮೂರು. ವನು ನಾ, ನಾಲ್ಕು. ಏಳಾಯಿತು. ಯತಿ ಬಂದು ‘ನಾನಲ್ಲ’ ಎಂಬ ಪದದ ಹೊಟ್ಟೆಯ ಮೇಲೆ ಕೂತಿದೆ. ಮೊದಲ ಅರ್ಧ: ‘ಕೊಂದವನು ನಾ’. ಎರಡನೆಯ ಅರ್ಧ: ‘ನಲ್ಲ ಕೇಳಿರಿ’.

ಸಂಸ್ಕೃತದ ಶ್ಲೋಕದಲ್ಲಿ ಹೀಗೆ ಪದ ಕಡಿದರೆ ದೋಷ ಎನ್ನುತ್ತಾರೆ. ನಮ್ಮ ಹಳೆಯ ಕನ್ನಡ ಕವಿಗಳು ಅದನ್ನು ಲೆಕ್ಕಕ್ಕೇ ಇಡದೆ ದಾಟಿಕೊಂಡು ಹೋದರು. ಪಾಲಾಕ್ಷಪ್ಪನವರು ದಾಟುವವರಲ್ಲ, ಅದರ ಮೇಲೆ ಕಾಲೂರಿ ನಿಲ್ಲುವವರು. ‘ಕೊಂದವನು ನಾ’ ಎಂದಾಗ ಕೂತ ಮಂದಿಗೆ ಕೊಲೆಗಾರ ತಾನೇ ಒಪ್ಪಿಕೊಂಡಂತೆ ಕೇಳುತ್ತದೆ. ಎದೆ ಧಸಕ್ಕೆನ್ನುತ್ತದೆ. ತಾಳದ ಒಂದು ಪೂರ್ತಿ ಸುತ್ತು, ಏಳು ಮಾತ್ರೆ, ಏನೂ ಇಲ್ಲ. ಆಮೇಲೆ ತಾಳ ಬೀಳುತ್ತದೆ, ‘ನಲ್ಲ’ ಬರುತ್ತದೆ, ಒಂದೇ ಏಟಿಗೆ ಅರ್ಥ ತಲೆಕೆಳಗು. ಹೋದ ಜೀವ ಬಂದ ಹಾಗೆ ಮಂದಿ ಉಸಿರು ಬಿಡುತ್ತಾರೆ. ಬರೆದಾದ ಮೇಲೆ ಮಾಸ್ತರು ತಮ್ಮಷ್ಟಕ್ಕೆ ತೊಡೆ ತಟ್ಟಿಕೊಂಡು ನಕ್ಕರು.

ಹಾಡಿ ತೋರಿಸಿದಾಗ ಕಲ್ಯಾಣಮ್ಮ ನಗಲಿಲ್ಲ. ರೊಟ್ಟಿಯ ಕೈ ಹಾಗೇ ಹಿಡಿದು ಹೊರಗೆ ಬಂದಳು.

“ತಗೀರಿ ಅದನ್ನ. ಅರ್ಧಕ್ಕ ನಿಂತ್ರ ಏನು ಗತಿ?”

“ಯಾಕ ನಿಂದರ್ತಾನ? ಏಳು ಮಾತ್ರಿ ಅಷ್ಟ.”

“ನಿಮ್ಮ ಮಾತ್ರಿ ನಿಮಗ, ನನ್ನ ಬಿಪಿ ಮಾತ್ರಿ ನನಗ. ಆ ಹುಡುಗನ ಜೀವದ ಪ್ರಶ್ನಿ ಐತಿ, ಸರಳ ಬರೀರಿ. ನಾನು ಕೊಂದವನಲ್ಲ ಅಂದ್ರ ಆಗಂಗಿಲ್ಲೇನು?”

ಮಾಸ್ತರು ಬೆರಳು ಮಡಚಿ ಎಣಿಸಿದರು. ನಾನು, ಮೂರು. ಕೊಂದವ, ನಾಲ್ಕು. “ನೋಡು, ಅಲ್ಲೂ ಅದ! ‘ನಾನು ಕೊಂದವ’ ಅಂತ ನಿಂದರ್ತೈತಿ” ಎಂದು ಖುಷಿಯಿಂದ ಹೇಳಿದರು. ಕನ್ನಡದಲ್ಲಿ ‘ಅಲ್ಲ’ ಎನ್ನುವುದು ಕೊನೆಗೇ ಬರುವುದು. ಅದಕ್ಕೆ ಮುಂಚೆ ಎಲ್ಲಿ ನಿಂತರೂ ತಪ್ಪೊಪ್ಪಿಗೆಯೇ. ಅದು ಅವರಿಗೆ ಆ ಗಳಿಗೆಯಲ್ಲಿ ಬಲು ಚೆಂದದ ಸಂಗತಿಯಾಗಿ ಕಂಡಿತು, ದೇವರು ಅವರಿಗೆ ಬುದ್ಧಿ ಕೊಡಲಿ. ಆಮೇಲೆ ಹೆಂಡತಿಯ ಮುಖ ನೋಡಿ ಇನ್ನೊಂದು ಕಟ್ಟಿದರು: ‘ಕೊಲ್ಲಲಿಲ್ಲವೊ ನಾನು ಕೇಳಿರಿ’. ಇಲ್ಲಿ ಏಳು ಮಾತ್ರೆಯೊಳಗೇ ‘ಇಲ್ಲ’ ಬಂದು ಮುಗಿದಿದೆ. ಎಷ್ಟು ಹೊತ್ತು ನಿಂತರೂ ಭಯವಿಲ್ಲ.

“ಹಾಂ, ಇದು ಇರಲಿ” ಎಂದಳು ಕಲ್ಯಾಣಮ್ಮ.

“ಸಪ್ಪಗಾತು” ಎಂದರು ಮಾಸ್ತರು. “ಮತ್ತ ಪ್ರಾಸ ಕೆಡತೈತಿ. ಕೆಳಗ ಬಂದ ಐತಿ, ತಂದೆ ಐತಿ. ಮ್ಯಾಲ ಕೊಲ್ಲ ಅಂದ್ರ ಎಲ್ಲಾ ಕಿತ್ತು ಬರೀಬೇಕು.”

ಪ್ರಾಸ ಒಂದು ನೆಪ. ಮೂರು ದಿನದಲ್ಲಿ ಬರೆದವರಿಗೆ ಇನ್ನೊಂದು ದಿನ ಕೂತರೆ ಬರೆಯಲಾಗುತ್ತಿರಲಿಲ್ಲವೇ? ಆ ಏಳು ಮಾತ್ರೆಯ ಮೌನ ಅವರಿಗೆ ಬೇಕಾಗಿತ್ತು. ಜೀವ ಹೋಗುವುದು ಓಬಳೇಶನದು, ಶಭಾಷ್ ಬರುವುದು ಮಾಸ್ತರಿಗೆ.

ತಾಲೀಮು ಒಂದೂವರೆ ತಿಂಗಳು ನಡೆಯಿತು. ಓಬಳೇಶನಿಗೆ ಮಾಸ್ತರು ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳಿದರು. “‘ನಾ’ ಅಂತ ಏರಿಸಿ ಬಿಡು. ಆಮ್ಯಾಗ ಉಸಿರೂ ತಗೀಬ್ಯಾಡ, ಕಾಲೂ ಅಲಗಸಬ್ಯಾಡ. ಗೆಜ್ಜಿ ಸಪ್ಪಳಾದ್ರ ಯತಿ ಹೊಲಸಾಗತೈತಿ. ನನ್ನ ತಾಳ ಬೀಳತನಕ ಬಾಯಿ ತೆಗೀಬ್ಯಾಡ.” ಮೊದಮೊದಲು ಅವನು ಅವಸರ ಮಾಡುತ್ತಿದ್ದ. ಕೊಂದವನು ನಾನಲ್ಲ ಎಂದು ಒಂದೇ ಉಸಿರಿಗೆ ಅಂದುಬಿಡುತ್ತಿದ್ದ. ಪಾಪ, ಅವನಿಗೆ ಆ ಮಾತು ಬೇಗ ಮುಗಿಯುವುದೇ ಬೇಕಾಗಿತ್ತು. ಮಾಸ್ತರು ತಾಳದಿಂದ ಅವನ ಮೊಣಕೈಗೆ ಬಡಿದು ತಿದ್ದಿದರು. ಒಳ್ಳೆಯ ಶಿಷ್ಯ, ಬೇಗ ಕಲಿತ. ಕಡೆಕಡೆಗೆ ತಾಳ ಬೀಳದೆ ಅವನ ತುಟಿಯೂ ಅಲುಗುತ್ತಿರಲಿಲ್ಲ.

ರಾಜನ ಪಾತ್ರದ ಬೊಮ್ಮಪ್ಪ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ದಿನವೂ ಕೇಳುತ್ತಿದ್ದ. ದೊಡ್ಡ ಆಳು, ಮಾತು ಕಡಿಮೆ. ಆ ಏಳು ಮಾತ್ರೆಯ ಹೊತ್ತು ಅವನು ಓಬಳೇಶನ ಬಾಯನ್ನೇ ನೋಡುತ್ತಿದ್ದ. ‘ನಲ್ಲ’ ಬಂದ ಮೇಲೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದ. ಒಂದು ಸಂಜೆ ಮಾಸ್ತರ ಹತ್ತಿರ ಬಂದು ಕೂತು, “ಮಾಸ್ತರ, ಆ ನಡುವ ಬಿಡ್ತಾನಲ್ರಿ, ಆಗ ಅವನ ಮನಸಿನಾಗ ಏನಿರತೈತಿ?” ಎಂದು ಕೇಳಿದ.

“ಏನೂ ಇರಂಗಿಲ್ಲಪ. ನನ್ನ ತಾಳ ಕಾಯ್ತಾನ.”

“ಹಂಗೇನು” ಎಂದು ಬೊಮ್ಮಪ್ಪ ಎದ್ದು ಹೋದ.

ಗೆಜ್ಜೆ ಪೂಜೆಯ ದಿನ ಇಳಿಹೊತ್ತು ನಾಲ್ಕಕ್ಕೆ ಗುಡಿಯ ಬಯಲು ತುಂಬಿತ್ತು. ಸುತ್ತಲಿನ ಊರುಗಳಿಂದಲೂ ಮಂದಿ ಬಂದಿದ್ದರು. ಆಟ ನೋಡಲು ಬಂದವರಲ್ಲ ಅವರು, ಆ ಒಂದು ಸಾಲು ಕೇಳಲು ಬಂದವರು. ಎಲ್ಲರಿಗಿಂತ ಮುಂದೆ, ನೆಲದ ಮೇಲೆ, ಎರ್ರೆಮ್ಮ ಕೂತಿದ್ದಳು. ಮಗನ ಅಂಗಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಹಿಮ್ಮೇಳದಲ್ಲಿ ಹಾರ್ಮೋನಿಯಂ ರಾಮಣ್ಣ, ಮದ್ದಲೆಯವನು, ದನಿಗೂಡಿಸುವ ಇಬ್ಬರು. ಬಯಲಾಟದಲ್ಲಿ ಹಿಮ್ಮೇಳಕ್ಕೆ ಒಂದು ರೂಢಿ ಇದೆ. ಪಾತ್ರಧಾರಿ ಸಾಲನ್ನು ಮರೆತರೆ, ತಾಳ ಹಿಡಿದ ಭಾಗವತರು, ಇಲ್ಲಿ ಮಾಸ್ತರೇ, ತಾಳ ಹಾಕದೆ ಸುಮ್ಮನಿದ್ದರೆ, ಅಲ್ಲಿಯತನಕ ಹಾಡಿದ್ದನ್ನೇ ಅವರು ಎತ್ತಿಕೊಂಡು ತಿರುಗಿ ತಿರುಗಿ ಹಾಡಬೇಕು. ಪಾತ್ರಧಾರಿಯ ಮರ್ಯಾದೆ ಕಾಯಲು ಮಾಡಿದ ರೂಢಿ ಅದು.

ಓಬಳೇಶ್ ಗೆಜ್ಜೆಗೆ ಕೈಮುಗಿದು ಕಟ್ಟಿಕೊಂಡ. ನಡುವಿಗೆ ಬಂದ. ಬರಿಯ ಮುಖ, ಬಿಳಿ ಅಂಗಿ. ತಾಳ ಬಿತ್ತು.

“ಕೊಂದವನು ನಾ…”

‘ನಾ’ ಏರಿ ನಿಂತಿತು. ಆಮೇಲೆ ಸದ್ದಿಲ್ಲ. ಗೆಜ್ಜೆಯಿಲ್ಲ. ಅಷ್ಟು ಮಂದಿಯಲ್ಲಿ ಒಬ್ಬರೂ ಕೆಮ್ಮಲಿಲ್ಲ, ಕೂಸುಗಳೂ ಅಳು ನಿಲ್ಲಿಸಿದ್ದವು. ನಲವತ್ತು ವರ್ಷದಲ್ಲಿ ಅಂಥ ಮೌನ ಪಾಲಾಕ್ಷಪ್ಪನವರಿಗೆ ಸಿಕ್ಕಿರಲಿಲ್ಲ. ಅವರು ಮನಸ್ಸಿನಲ್ಲಿ ಎಣಿಸಿದರು, ತಕಿಟ ತಕದಿಮಿ. ಏಳು ಆಯಿತು. ತಾಳ ಹಾಕಬೇಕು. ಅವರು ಎರ್ರೆಮ್ಮನನ್ನು ನೋಡಿದರು. ಆಕೆಯ ಬಾಯಿ ಅರ್ಧ ತೆರೆದಿತ್ತು, ಕಣ್ಣು ಓಬಳೇಶನ ತುಟಿಯ ಮೇಲಿತ್ತು. ಇಡೀ ಬಯಲು ತನ್ನ ಎರಡು ಹಿತ್ತಾಳೆ ಬಟ್ಟಲಿನ ನಡುವೆ ನಿಂತಿದೆ ಎನ್ನಿಸಿತು ಅವರಿಗೆ. ಇನ್ನೊಂದು ಗಳಿಗೆ ಇರಲಿ ಎಂದುಕೊಂಡರು. ಇನ್ನೊಂದೇ ಗಳಿಗೆ.

ಅಷ್ಟರಲ್ಲಿ ಹಿಂದಿನಿಂದ ಹಾರ್ಮೋನಿಯಂ ಎದ್ದಿತು. ತಾಳ ಬೀಳದ್ದನ್ನು ಕಂಡು, ಹುಡುಗ ಸಾಲು ಮರೆತ ಎಂದುಕೊಂಡು, ರಾಮಣ್ಣ ರೂಢಿಯಂತೆ ಎತ್ತಿಕೊಂಡ. ಇಬ್ಬರು ದನಿಗೂಡಿಸಿದರು.

“ಕೊಂದವನು ನಾ… ಕೊಂದವನು ನಾ…”

ಮೂರನೆಯ ಸಲಕ್ಕೆ ಮಾಸ್ತರು ಬೆಚ್ಚಿ ತಾಳ ಹಾಕಿದರು. ಓಬಳೇಶ್ ಕೂಡಲೇ, ಕಲಿಸಿದಂತೆಯೇ, ಸ್ಪಷ್ಟವಾಗಿ “ನಲ್ಲ ಕೇಳಿರಿ” ಎಂದು ಹಾಡಿದ. ಆದರೆ ಅದು ಯಾವುದಕ್ಕೆ ಅಂಟಬೇಕಾಗಿತ್ತೋ ಆ ‘ನಾ’ ಎಂದೋ ದೂರ ಹೋಗಿತ್ತು. ‘ನಾನು’ ಮತ್ತು ‘ಅಲ್ಲ’ ಕೂಡಿದಾಗ ನಡುವಿನ ಉಕಾರ ಬಿದ್ದು ‘ನಾನಲ್ಲ’ ಆಗುತ್ತದೆ. ಕಡಿದರೆ ಈ ಕಡೆ ‘ನಾ’ ಪೂರ್ತಿ ಮನುಷ್ಯನಾಗಿ ಉಳಿಯುತ್ತದೆ, ಆ ಕಡೆ ‘ನಲ್ಲ’ ಎಂಬಲ್ಲಿ ‘ಅಲ್ಲ’ ಎನ್ನುವುದೇ ಇರುವುದಿಲ್ಲ. ಮಂದಿಯ ಕಿವಿಗೆ ಅದು ಏನೂ ಅಲ್ಲದ ಸದ್ದಾಗಿ ಬಿತ್ತು. ಎಲ್ಲರೂ ಆಗಲೇ ಮಾತಾಡತೊಡಗಿದ್ದರು.

ಎರ್ರೆಮ್ಮ ಎದ್ದಳು. ಸೀರೆಗೆ ಹತ್ತಿದ ಮಣ್ಣು ಝಾಡಿಸಿಕೊಂಡಳು. “ಆತು. ಕೇಳಿದ್ವಿ” ಎಂದಳು. ಬೊಮ್ಮಪ್ಪ ತಾಯಿಯ ಹಿಂದೆ ಹೋದ. ಹೋಗುವಾಗ ಓಬಳೇಶನ ಕಡೆ ತಿರುಗಿಯೂ ನೋಡಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಗುಡಿಯ ಹಿಂದೆ ಗೆಜ್ಜೆ ಬಿಚ್ಚುತ್ತಾ ಓಬಳೇಶ್ ಕೇಳಿದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ.

“ತಾಳ ಯಾಕ ಹಾಕಲಿಲ್ರಿ, ಮಾಸ್ತರ? ನಾ ಕಾದ್ನಿ.”

ಮಾಸ್ತರು ಏನೆಂದು ಹೇಳುವುದು, ಮೌನ ಚೆಂದ ಇತ್ತು ಎಂದೇ? ಬೊಮ್ಮಪ್ಪನ ಮನೆಗೆ ಆಗಲೇ ಓಡಬೇಕಾಗಿತ್ತು. ಓಡಲಿಲ್ಲ. ಊರ ಹಿರಿಯರ ಮುಂದೆ “ತಪ್ಪು ನಂದು” ಎಂದರು. ಹಿರಿಯರು, ಮಾಸ್ತರು ಶಿಷ್ಯನನ್ನು ಕಾಯುತ್ತಿದ್ದಾರೆ ಎಂದು ತಲೆ ಆಡಿಸಿದರು. ಆಟ ನಿಂತಿತು.

ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸ್ಟೇಟಸ್ಸಿಗೆ ಅರ್ಧ ನಿಮಿಷದ್ದು ಸಾಕು ಎಂದು ಕತ್ತರಿಸಿದ್ದರು. ಆ ತುಣುಕು ಓಬಳೇಶನ ‘ಕೊಂದವನು ನಾ’ದಿಂದ ಹಿಡಿದು ಹಿಮ್ಮೇಳದ ಎರಡನೆಯ ‘ನಾ’ತನಕ ಇತ್ತು, ಮುಂದೆ ಇರಲಿಲ್ಲ. ಅದೇ ಸಂಜೆ ಹಡಗಲಿಯಲ್ಲಿ, ಬೆಳಗಾಗುವುದರೊಳಗೆ ಹಗರಿಬೊಮ್ಮನಹಳ್ಳಿ, ಕೊಟ್ಟೂರುಗಳಲ್ಲಿ, ಮಧ್ಯಾಹ್ನಕ್ಕೆ ಕೂಡ್ಲಿಗಿ ದಾಟಿ ಗುಡೇಕೋಟೆಯ ಕುರಿಗಾರರ ಕೈಯ ಫೋನಿನಲ್ಲೂ ಅದು ಹಾಡುತ್ತಿತ್ತು. ಇಂಥ ಯತಿಯನ್ನು ಯಾವ ಛಂದಸ್ಸೂ ಕಂಡಿರಲಿಲ್ಲ. ಎರಡನೆಯ ಅರ್ಧವನ್ನೇ ತಿಂದುಹಾಕಿದ ಯತಿ. ಕಲ್ಯಾಣಮ್ಮನಿಗೂ ಖಾನಾವಳಿಯಲ್ಲಿ ಯಾರೋ ತೋರಿಸಿದರಂತೆ. ಫೋನು ಮಾಡಿ, “ಆ ಹುಡುಗನ್ನ ಕರಕೊಂಡು ಬರ್ರಿ ಇಲ್ಲಿಗೆ, ಇವತ್ತ” ಎಂದಳು. ಮಾಸ್ತರು ಕೇಳಿದರೆ ಓಬಳೇಶ್ ಬರಲೊಪ್ಪಲಿಲ್ಲ. ಊರು ಬಿಟ್ಟರೆ ಒಪ್ಪಿಕೊಂಡಂತೆ ಆಗುತ್ತದೆ ಎಂದ. ಅದೂ ನಿಜವೇ ಆಗಿತ್ತು.

ಮಾಸ್ತರು ಗಟ್ಟಿ ಮನಸ್ಸು ಮಾಡಿ ಎರ್ರೆಮ್ಮನ ಮನೆಗೆ ಹೋದರು. ಆಕೆ ಪಡಸಾಲೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಬೊಮ್ಮಪ್ಪ ಒಳಗಿನ ಬಾಗಿಲಿಗೆ ಒರಗಿ ನಿಂತಿದ್ದ.

“ಎರ್ರೆಮ್ಮಾ, ನಿಲ್ಲಿಸಿದಾಂವ ನಾನು. ಅವಂದಲ್ಲ ತಪ್ಪು” ಎಂದರು ಮಾಸ್ತರು. “ತಾಳ ಬೀಳೋತನಕ ಬಾಯಿ ತೆಗೀಬ್ಯಾಡ ಅಂತ ನಾನ ಕಲಿಸಿದ್ದೆ. ನಾ ಹಾಕಲಿಲ್ಲ. ಆ ಸಾಲು ಇಡೀ ಕೇಳಿದ್ರ ಅರ್ಥ ಬ್ಯಾರೆ ಐತವ್ವ.”

ಎರ್ರೆಮ್ಮ ಮೊರ ಕೆಳಗಿಟ್ಟಳು. ಆಕೆಗೂ ನಂಬುವುದೇ ಬೇಕಾಗಿತ್ತು. ಮಗನ ಗೆಳೆಯ ಕೊಂದ ಎನ್ನುವುದಕ್ಕಿಂತ ಹೊಳೆ ಕೊಂದಿತು ಎನ್ನುವುದು ಯಾವ ತಾಯಿಗಾದರೂ ಹಗುರ.

“ಹಂಗಾದ್ರ ನೀವ ಹಾಡ್ರಿ” ಎಂದಳು. “ಇಡೀ ಹಾಡ್ರಿ. ನಡುವ ನಿಂದರಬ್ಯಾಡ್ರಿ. ಒಂದ ಉಸಿರಿಗೆ ಕೇಳತೀನಿ ನಾನು.”

ಎಂಥ ಸಲೀಸಾದ ಕೆಲಸ! ಹತ್ತು ಅಕ್ಷರ. ಕೊಂದವನು ನಾನಲ್ಲ ಕೇಳಿರಿ. ಹಾಲು ಮಾರುವವನೂ ಹೇಳಬಲ್ಲ. ಮಾಸ್ತರು ಗಂಟಲು ಸರಿ ಮಾಡಿಕೊಂಡರು, ಕಣ್ಣು ಮುಚ್ಚಿದರು.

“ಕೊಂದವನು ನಾ…”

ನಿಂತುಬಿಟ್ಟರು. ಬೇಕೆಂದಲ್ಲ. ಏಳಕ್ಕೆ ಗಂಟಲು ತಾನೇ ಮುಚ್ಚಿಕೊಂಡಿತು. ನಲವತ್ತು ವರ್ಷದ ರೂಢಿ, ಒಳಗೆಲ್ಲೋ ತಕಿಟ ತಕದಿಮಿ ಎಂದು ಎಣಿಕೆ ನಡೆದಿತ್ತು. ಗಾಬರಿಯಿಂದ ‘ನಲ್ಲ’ವನ್ನು ಹೊರಗೆ ತಳ್ಳಲು ಹೋದರು, ಬಂದದ್ದು ಕೆಮ್ಮು. ಕಣ್ಣು ಬಿಟ್ಟಾಗ ಎರ್ರೆಮ್ಮ ಮೊರ ಕೈಗೆ ತೆಗೆದುಕೊಂಡಿದ್ದಳು.

“ನೋಡ್ರಿ, ನಿಮ್ಮ ಬಾಯಾಗೂ ಅಷ್ಟ ಬರತೈತಿ” ಎಂದಳು. “ಹೋಗಿ ಬರ್ರಿ, ಮಾಸ್ತರ.”

ಒಳಬಾಗಿಲಲ್ಲಿ ಬೊಮ್ಮಪ್ಪ ಇರಲಿಲ್ಲ. ಅವನು ಯಾವಾಗ ಹೋದ ಎನ್ನುವುದು ಮಾಸ್ತರಿಗೆ ಗೊತ್ತಾಗಲಿಲ್ಲ. ಅವರು ಅಲ್ಲಿಂದ ನೆಟ್ಟಗೆ ಓಬಳೇಶನ ಮನೆಗೆ ಹೋದರು. ಅವನು ಹೊಲಕ್ಕೆ ಹೋಗಿದ್ದಾನೆ ಎಂದರು. ಹೊಲಕ್ಕೆ ಹೋದರು. ಮೋಟರು ನಡೆದಿತ್ತು, ನೀರು ಬದು ದಾಟಿ ದಾರಿಗೆ ಹರಿಯುತ್ತಿತ್ತು, ಆರಿಸುವವರು ಯಾರೂ ಇರಲಿಲ್ಲ. ಮಾಸ್ತರು “ಓಬಳೇಶಾ” ಎಂದು ಕೂಗಿದರು. ಕೂಗುತ್ತಾ ದಂಡೆಯುದ್ದಕ್ಕೂ ಕತ್ತಲಾಗುವತನಕ ನಡೆದರು.

ಎರಡನೆಯ ದಿನ ಅವನು ಸಿಕ್ಕ. ಬೇಸಿಗೆಯ ಹೊಳೆ ಅದು, ಅಲ್ಲಲ್ಲಿ ಮಡು ಬಿಟ್ಟರೆ ಎಲ್ಲ ಮರಳು. ಶ್ರಾವಣದ ತುಂಬು ಹೊಳೆಯನ್ನು ಈಜಿ ಬಂದವನು ಎದೆಮಟ್ಟದ ಮಡುವಿನಲ್ಲಿ ಬೋರಲಾಗಿ ಮಲಗಿದ್ದ. ಮೈಮೇಲೆ ಗಾಯವಿಲ್ಲ. ಮರಳಿನಲ್ಲಿ ಹೆಜ್ಜೆಗಳಿದ್ದವು, ಅವನ್ನೆಲ್ಲ ನೋಡಲು ಬಂದ ಮಂದಿಯೇ ತುಳಿದಿದ್ದರು. ಮಾಡಿದ ತಪ್ಪಿಗೆ ತಾನೇ ಹೋಗಿ ಬಿದ್ದ ಎಂದು ದಂಡೆಯ ಮೇಲೆ ಆಗಲೇ ಮಾತು ಹುಟ್ಟಿತ್ತು. ಮೊನ್ನೆ ಒಪ್ಪಿಕೊಂಡನಲ್ಲ, ಎನ್ನುತ್ತಿದ್ದರು.

ಪೊಲೀಸರು ಬಂದು ಒಬ್ಬೊಬ್ಬರನ್ನೇ ಕೇಳಿದರು. ಬೊಮ್ಮಪ್ಪನ ಸರದಿ ಬಂತು. ಪಾಲಾಕ್ಷಪ್ಪನವರು ನಾಲ್ಕು ಮಾರು ದೂರದಲ್ಲಿ, ಒದ್ದೆ ಮರಳಿನ ಮೇಲೆ ಕೂತ ಓಬಳೇಶನ ತಾಯಿಯ ಪಕ್ಕ ನಿಂತಿದ್ದರು. ಅವರಿಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತು.

ಬೊಮ್ಮಪ್ಪ ಕೈಕಟ್ಟಿ ನಿಂತು, ಒಂದೂವರೆ ತಿಂಗಳು ದಿನವೂ ಕೇಳಿದ್ದ ಆ ಮಾತನ್ನು ಅಂದ. “ಕೊಂದವನು ನಾನಲ್ಲ” ಅಂದ. ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿಗೆ ಅಂದ, ಮತ್ತು ಎಲ್ಲರೂ ನಂಬಿದರು.